ಹಬೆಯಣ್ಣನ ನಾಲ್ಕು ಸಾಲಿನ ದೂರು

ಹಬೆಯಣ್ಣ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಮನೆ ಬಿಡುವಾಗ ಒಂದು ಲೋಟ, ಮಧ್ಯಾಹ್ನ ಎರಡೂವರೆಗೆ ಪಾಳಿ ಮುಗಿದ ಮೇಲೆ ಗೇಟಿನ ಪಕ್ಕದ ನಲ್ಲಿಗೆ ಬಾಯಿಟ್ಟು ಹೊಟ್ಟೆ ತುಂಬ. ನಡುವಿನ ಎಂಟು ಗಂಟೆ ನಾಲಿಗೆ ಒಣಗಿಸಿಕೊಂಡೇ ಕೂತಿರುತ್ತಿದ್ದ. ನೀರು ಕುಡಿದರೆ ಒಂದಲ್ಲ ಒಂದು ಹೊತ್ತಿಗೆ ಎದ್ದು ಹೋಗಬೇಕು. ಎದ್ದು ಹೋದರೆ ಬಾಯ್ಲರಿನ ಗಾಜಿನ ಕೊಳವೆಯ ಮೇಲಿಂದ ಕಣ್ಣು ತೆಗೆಯಬೇಕು. ಕಣ್ಣು ತೆಗೆಯಲು ಅವನಿಗೆ ಭಯ. ನಗುವವರು ನಗಲಿ, ಅವನಿಗಿದ್ದ ಭಯಕ್ಕೆ ಕಾರಣವಿತ್ತು.

ಅದೊಂದು ಬಟ್ಟೆ ಹೊಲಿಯುವ ಕಾರ್ಖಾನೆ. ಹೊಲಿದ ಅಂಗಿಗಳಿಗೆಲ್ಲ ಹಬೆಯ ಇಸ್ತ್ರಿ ಆಗಬೇಕು. ಆ ಹಬೆ ಕೊಡುವುದು ಹಿಂಭಾಗದ ಕೋಣೆಯಲ್ಲಿ ಕೂತ ಬಾಯ್ಲರು, ಬಾಯ್ಲರನ್ನು ನೋಡಿಕೊಳ್ಳುವುದು ಇವನು. ಇಪ್ಪತ್ತಮೂರು ವರ್ಷದಿಂದ ಅದೇ ಸ್ಟೂಲು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು, ಉಳಿದವರ ಬಾಯಲ್ಲಿ ಹಬೆಯಣ್ಣ. ಬಾಯ್ಲರ್ ಕೋಣೆಗೂ ಇಸ್ತ್ರಿ ವಿಭಾಗಕ್ಕೂ ನಡುವೆ ಒಂದೇ ಒಂದು ಇಟ್ಟಿಗೆ ಗೋಡೆ. ಗೋಡೆಯ ಆಚೆ ಅರವತ್ತು ಹೆಂಗಸರು ನಿಂತು ಇಸ್ತ್ರಿ ತಿಕ್ಕುತ್ತಾರೆ. ಅವರಲ್ಲಿ ಗೋಡೆಯ ಕಡೆಯಿಂದ ನಾಲ್ಕನೇ ಮೇಜಿನವಳು ಅವನ ಹೆಂಡತಿ.

ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ಹೊರಗಿನ ಗಾಜಿನ ಕೊಳವೆಯಲ್ಲಿ ಕಾಣುತ್ತದೆ. ನೀರು ತೀರಾ ಕೆಳಗಿಳಿದರೆ ಪಕ್ಕದ ಡಬ್ಬಿಯೊಳಗಿನ ತೇಲುಗುಂಡು ಇಳಿದು, ಬೆಂಕಿ ತಾನಾಗಿ ಆರಿ, ಗಂಟೆ ಹೊಡೆಯಬೇಕು. ಕಾವಲುಗಾರ ತೂಕಡಿಸಿದರೂ ಅನಾಹುತ ಆಗದಿರಲಿ ಎಂದು ಮಾಡಿದ ಏರ್ಪಾಡು ಅದು. ಆದರೆ ಏಳು ತಿಂಗಳಿಂದ ಅದು ಸತ್ತುಹೋಗಿತ್ತು. ಸತ್ತುಹೋಗಿತ್ತು ಎನ್ನುವುದೂ ತಪ್ಪು, ಅದನ್ನು ಬೇಕೆಂದೇ ಮಲಗಿಸಿದ್ದರು. ನೀರು ತುಂಬುವ ಪಂಪು ಸವೆದು ಆಗಾಗ ಕೈಕೊಡುತ್ತಿತ್ತು. ಪಂಪು ಕೈಕೊಟ್ಟಾಗಲೆಲ್ಲ ಬೆಂಕಿ ಆರುತ್ತಿತ್ತು, ಬೆಂಕಿ ಆರಿದಾಗಲೆಲ್ಲ ಇಸ್ತ್ರಿ ನಿಲ್ಲುತ್ತಿತ್ತು. ಸರಕು ಕಳಿಸುವ ದಿನ ಮೂರು ಸಲ ಹೀಗಾದ ಮೇಲೆ ಮ್ಯಾನೇಜರ್ ಸಾಹೇಬರು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಪ್ಯಾನಲ್ ಪೆಟ್ಟಿಗೆಯೊಳಗೆ ಒಂದು ಗೇಣುದ್ದದ ತಂತಿ ಹಾಕಿಸಿದರು. ಆಮೇಲೆ ನೀರು ಇರಲಿ, ಬಿಡಲಿ, ಬೆಂಕಿ ಉರಿಯುತ್ತಲೇ ಇರುತ್ತದೆ. ಪೆಟ್ಟಿಗೆಗೆ ಬೀಗ, ಬೀಗದ ಕೈ ಸಾಹೇಬರ ಮೇಜಿನ ಡ್ರಾದಲ್ಲಿ. ನಡುವೆ ವರ್ಷದ ತಪಾಸಣೆಗೆ ಸರ್ಕಾರದ ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ತಂತಿ ಹೊರಗೆ, ಅವರು ಹೋದ ಮರುದಿನ ಒಳಗೆ.

"ಸಾರ್, ಅದು ಬೇಡ ಸಾರ್. ಪಂಪು ಬದಲಾಯಿಸಿ ಸಾಕು" ಎಂದು ಹಬೆಯಣ್ಣ ಮೂರು ಸಲ ಹೇಳಿದ.

"ನೀನಿರೋದು ಯಾಕಪ್ಪ ಹಾಗಾದ್ರೆ? ಗಾಜು ನೋಡ್ಕೊಂಡಿರು" ಎಂದರು ಸಾಹೇಬರು ಮೂರು ಸಲವೂ.

ನೋಡಿಕೊಂಡಿದ್ದ. ಬೆಳಗಿನ ಪಾಳಿಗೆ ತಾನಿದ್ದೇನಲ್ಲ ಎಂಬ ಧೈರ್ಯವಿತ್ತು. ಎರಡನೇ ಪಾಳಿಗೆ ಬರುತ್ತಿದ್ದವನು ಗೊರಕೆ. ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ, ಹಗಲಲ್ಲೂ ಗೋಡೆಗೆ ತಲೆ ಆನಿಸಿದ ಕೂಡಲೇ ಶುರುವಾಗುತ್ತಿತ್ತು. ಪಾಪ, ಕೆಟ್ಟವನಲ್ಲ. ಬೆಳಿಗ್ಗೆ ಇನ್ನೊಂದು ಕಡೆ ಹಾಲು ಹಾಕುವ ಕೆಲಸ ಮುಗಿಸಿಕೊಂಡು ಬರುತ್ತಿದ್ದ. ಆದರೆ ಬಾಯ್ಲರಿಗೆ ಪಾಪಪುಣ್ಯ ತಿಳಿಯುವುದಿಲ್ಲ. ಸಾಲದ್ದಕ್ಕೆ ಆ ತಿಂಗಳು ಇಸ್ತ್ರಿಯವರಿಗೆ ಸಂಜೆ ಏಳರವರೆಗೆ ಓವರ್‌ಟೈಮು. ಅಂದರೆ ದಿನಾ ನಾಲ್ಕೂವರೆ ಗಂಟೆ ಹೊತ್ತು ಹೆಂಡತಿ ಗೋಡೆಯ ಆ ಕಡೆ, ಗೊರಕೆ ಈ ಕಡೆ. ಮನೆಯಲ್ಲಿ ಕೂತು ಹಬೆಯಣ್ಣ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದ. ಬೀದಿಯಲ್ಲಿ ಯಾವುದಾದರೂ ಲಾರಿಯ ಟೈರು ಢಂ ಎಂದರೆ ಅವನ ಎದೆ ಒಡೆದು ಹೋಗುತ್ತಿತ್ತು.

ಗೇಟಿನ ಒಳಗೆ, ಹಾಜರಿ ಯಂತ್ರದ ಪಕ್ಕದಲ್ಲಿ ಒಂದು ಬಣ್ಣದ ಬೋರ್ಡಿತ್ತು. ನಗುತ್ತಿರುವ ಹೆಂಗಸೊಬ್ಬಳ ಚಿತ್ರ, ಕೆಳಗೆ ಅಚ್ಚುಕಟ್ಟಾದ ಕನ್ನಡದಲ್ಲಿ: 'ನಿಮ್ಮ ದೂರುಗಳನ್ನು ನೇರವಾಗಿ ಹೆಡ್ಡಾಫೀಸಿಗೆ ಕಳಿಸಿ. ಯಾವ ಭಾಷೆಯಲ್ಲಾದರೂ ಬರೆಯಬಹುದು.' ಅಂಚೆ ವಿಳಾಸ, ಈಮೇಲ್ ವಿಳಾಸ ಎರಡೂ ಇದ್ದವು. ದಿನಾ ಹಾದು ಹೋಗುವಾಗ ಹಬೆಯಣ್ಣ ಅದನ್ನು ಓದುತ್ತಿದ್ದ. ಒಂದು ದಿನ ಓದಿ ಮುಂದೆ ಹೋಗದೆ ನಿಂತುಬಿಟ್ಟ. ಅಂದೇ ಪಾಳಿ ಮುಗಿಸಿ, ನೀರು ಕುಡಿದು, ಆಫೀಸಿನ ಫೈಲು ಕೋಣೆಗೆ ಹೋಗಿ ಟೈಪಿಸ್ಟಕ್ಕನ ಮುಂದೆ ಕೂತ.

ಟೈಪಿಸ್ಟಕ್ಕ ಆ ಕಾರ್ಖಾನೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಒಬ್ಬಳೇ ಹೆಂಗಸು. ಅವಳೆದುರಿನ ಟೈಪ್ ಯಂತ್ರ ಹೋಗಿ ಕಂಪ್ಯೂಟರ್ ಬಂದು ಹದಿನೈದು ವರ್ಷವಾದರೂ ಹೆಸರು ಹೋಗಿರಲಿಲ್ಲ. ಹಬೆಯಣ್ಣ ತಗ್ಗಿದ ದನಿಯಲ್ಲಿ ಎಲ್ಲ ಹೇಳಿ, "ಕನ್ನಡದಲ್ಲೇ ಬರೆದು ಹಾಕ್ತೀನಕ್ಕ. ಯಾವ ಭಾಷೆಯಾದ್ರೂ ಆಗುತ್ತೆ ಅಂತ ಅವ್ರೇ ಹೇಳಿದ್ದಾರಲ್ಲ" ಎಂದ.

ಅವಳು ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದಳು.

"ಅಣ್ಣ, ಚೆಕಿಂಗ್‌ನಲ್ಲಿ ಒಬ್ಬಳು ಕುಳ್ಳಿ ಇದ್ಲಲ್ಲ, ನೆನಪಿದ್ಯಾ?"

"ಮೂರು ಬಸ್ಸು ಹಿಡಿದು ಹೋಗೋ ಯೂನಿಟ್ಟಿಗೆ ಹಾಕಿದ್ರು. ಆಮೇಲೆ ಕೆಲಸಾನೇ ಬಿಟ್ಲು."

"ಯಾಕೆ ಹಾಕಿದ್ರು ಗೊತ್ತಾ? ಹೆಂಗಸರ ಕಕ್ಕಸಿಗೆ ಬೀಗ ಹಾಕ್ತಾರೆ ಅಂತ ಹೆಡ್ಡಾಫೀಸಿಗೆ ಬರೆದಿದ್ಲು. ಕನ್ನಡದಲ್ಲಿ. ಹೆಸರು ಹಾಕಿರ್ಲಿಲ್ಲ."

"ಮತ್ತೆ ಹೆಂಗೆ ಗೊತ್ತಾಯ್ತು?"

"ಅಲ್ಲಿ ಕನ್ನಡ ಓದೋರು ಯಾರಿದ್ದಾರಣ್ಣ? ಯಾವ ಭಾಷೆಯಲ್ಲಾದ್ರೂ ಬರೀಬಹುದು, ನಿಜ. ಓದ್ತೀವಿ ಅಂತ ಎಲ್ಲಿ ಹೇಳಿದ್ದಾರೆ? ಕನ್ನಡ ಕಾಗದ ಅಲ್ಲಿಗೆ ಹೋದ್ರೆ, 'ಇದನ್ನು ಇಂಗ್ಲಿಷಿಗೆ ಮಾಡಿ ಕಳಿಸಿ' ಅಂತ ಇಲ್ಲಿಗೇ ವಾಪಸ್ ಬರುತ್ತೆ. ಮಾಡೋಳು ನಾನು. ಸಾಹೇಬ್ರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಅವತ್ತು ಕಾಗದ ಕೈಲಿ ಹಿಡಿದು, ರಜಾ ಚೀಟಿಗಳನ್ನೆಲ್ಲ ತರಿಸಿ, ಅಕ್ಷರ ತಾಳೆ ನೋಡಿದ್ರು. ಕಾಗದ ಹೋಗಿ ಬರೋಕೇ ಹದಿನೈದು ದಿನ ಆಗಿತ್ತು. ಕೊನೆಗೆ ನಾನು ಟೈಪ್ ಮಾಡಿದ್ದು ಏನು ಗೊತ್ತಾ? 'ಕಕ್ಕಸಿನ ಚಿಲಕ ಸಡಿಲವಾಗಿದೆ.'"

ಇಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಅವಳಿಗೆ ನಾಚಿಕೆಯಾಗಿತ್ತು. ಹಬೆಯಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಹಾಗಾದ್ರೆ ಇಂಗ್ಲಿಷಲ್ಲಿ ಬರೆಸ್ತೀನಿ. ನೀವೇ ಬರೆದುಕೊಡಿ."

"ಇಂಗ್ಲಿಷಲ್ಲಿ ಬರೆದ್ರೆ ಅವತ್ತೇ ಓದ್ತಾರೆ. ನಾನಂತೂ ಬರೆಯಲ್ಲ, ಮನೇಲಿ ಎರಡು ಹೊಟ್ಟೆ ನನ್ನ ನಂಬ್ಕೊಂಡಿದಾವೆ. ಆದ್ರೆ ಅದಲ್ಲ ವಿಷಯ. ಇಲ್ನೋಡಿ." ಅವಳು ಕಪಾಟಿನಿಂದ ಒಂದು ದಪ್ಪ ಫೈಲು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

ಹಬೆಯಣ್ಣನಿಗೆ ಆ ಹಾಳೆಗಳ ಗುರುತಿತ್ತು. ಬಾಯ್ಲರ್ ಕೋಣೆಯಲ್ಲಿ ಅವನೊಂದು ನೋಟುಪುಸ್ತಕ ಇಟ್ಟಿದ್ದ. ಗಂಟೆಗೊಮ್ಮೆ ಒತ್ತಡ ಎಷ್ಟು, ನೀರು ಎಷ್ಟು ಎಂದು ಕನ್ನಡದಲ್ಲಿ ಬರೆಯುತ್ತಿದ್ದ. ತಿಂಗಳ ಕೊನೆಗೆ ಆಫೀಸಿನವರು ಅದನ್ನು ಇಂಗ್ಲಿಷಿನಲ್ಲಿ ಅಂದವಾಗಿ ನಕಲು ಮಾಡಿ ತರುತ್ತಿದ್ದರು. ಮೂವತ್ತು ಹಾಳೆ, ಪ್ರತಿ ಹಾಳೆಯ ಕೆಳಗೆ ಅವನ ಸಹಿ. 'ಹಬೆಯಣ್ಣ, ಬೇಗ ಬೇಗ ಗೀಚಪ್ಪ' ಎನ್ನುತ್ತಿದ್ದರು. ಅವನು ಒಂದು ಕಣ್ಣು ಗಾಜಿನ ಮೇಲಿಟ್ಟುಕೊಂಡೇ ಗೀಚುತ್ತಿದ್ದ. ಇಪ್ಪತ್ತಮೂರು ವರ್ಷ ಹಾಗೇ ಗೀಚಿದ್ದ. ತಾನು ಬರೆದದ್ದರ ನಕಲು ತಾನೇ, ಅದರಲ್ಲಿ ಓದುವುದೇನಿದೆ ಎಂಬ ನಂಬಿಕೆ. ನಮ್ಮಲ್ಲಿ ಇಂಥ ನಂಬಿಕೆಯವರು ಮನೆಗೊಬ್ಬರು ಸಿಗುತ್ತಾರೆ.

"ಕೊನೇ ಕಾಲಮ್ಮು ನೋಡಿ" ಎಂದಳು ಟೈಪಿಸ್ಟಕ್ಕ. "ನೀರು ಇಳಿದಾಗ ಬೆಂಕಿ ಆರುವ ಪರೀಕ್ಷೆ ಇವತ್ತು ಮಾಡಲಾಯಿತು, ಸರಿಯಾಗಿದೆ. ದಿನಾ ಹೀಗೇ ಇದೆ. ಕೆಳಗೆ ನಿಮ್ಮ ಸಹಿ."

"ಸರಿಯಾಗಿದೆ ಅಂತಾನಾ? ನಾನು ಪುಸ್ತಕದಲ್ಲಿ ದಿನಾ ಬರೀತೀನಿ, 'ಪರೀಕ್ಷೆ ಮಾಡಿದೆ, ಬೆಂಕಿ ಆರಲಿಲ್ಲ' ಅಂತ."

"ಗೊತ್ತು. ನಿಮ್ಮ ಪುಸ್ತಕ ನಾನು ಓದ್ತೀನಲ್ಲ. ಟೈಪ್ ಮಾಡೋಕೆ ಹೇಳೋದು ಇದನ್ನ."

ಹಬೆಯಣ್ಣನ ಕೈಕಾಲು ತಣ್ಣಗಾದವು. ಬಾಯ್ಲರ್ ಪಕ್ಕ ಜೀವ ಸವೆಸಿದವನಿಗೆ ಕೈ ತಣ್ಣಗಾಗುವುದು ಹೊಸದು. ಅವನು ಹಾಳೆ ತಿರುವಿದ. ಸಹಿ, ಸಹಿ, ಸಹಿ. ಏಳು ತಿಂಗಳ ಅಷ್ಟೂ ಸುಳ್ಳಿನ ಕೆಳಗೆ ಅವನದೇ ಸಹಿ.

"ಈಗ ಹೇಳಿ" ಎಂದಳು ಅವಳು, ದನಿ ಇನ್ನೂ ತಗ್ಗಿಸಿ. "ಇಂಗ್ಲಿಷಲ್ಲಿ ದೂರು ಕೊಟ್ರೆ, 'ಓಹೋ, ಇವನಿಗೆ ಇಂಗ್ಲಿಷ್ ಬರುತ್ತೆ. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದ್ದಾನೆ' ಅಂತಾರೆ. ಕೆಲಸ ಹೋಗುತ್ತೆ, ನಿಮ್ಮ ಬಾಯ್ಲರ್ ಸರ್ಟಿಫಿಕೇಟೂ ಹೋಗುತ್ತೆ. ನಾಳೆ ಏನಾದ್ರೂ ಆದ್ರೆ ಪೊಲೀಸ್ರು ಬರೋದು ನಿಮ್ಮನೆಗೇ. ಕನ್ನಡದಲ್ಲಿ ಕೊಟ್ರೆ, ಇಂಗ್ಲಿಷ್ ಬರದೋನು, ತಿಳೀದೆ ಸಹಿ ಹಾಕಿದ್ದಾನೆ ಅಂತ ನೀವು ಉಳ್ಕೊಳ್ತೀರ. ಆದ್ರೆ ಕಾಗದ ಬರೋದು ಸಾಹೇಬ್ರ ಕೈಗೆ."

"ಎರಡರಲ್ಲೂ ಬರೆದು ಒಂದೇ ಲಕೋಟೆಗೆ ಹಾಕಿದ್ರೆ?"

"ಎರಡೂ ಒಂದೇನಾ ಅಂತ ತಾಳೆ ನೋಡೋಕೆ ಕನ್ನಡದ್ದು ಇಲ್ಲಿಗೇ ಬರುತ್ತೆ."

ಹಬೆಯಣ್ಣ ಮನೆಗೆ ಹೋದ. ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಕೇಳಿಯೇ ಕೇಳಿದಳು, ಕೇಳದೆ ಬಿಡುವವಳಲ್ಲ. ಎಲ್ಲ ಕೇಳಿದ ಮೇಲೆ ಇಸ್ತ್ರಿಯಿಂದ ಸುಟ್ಟ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಳು.

"ಹೆಸರು ಹಾಕದೆ ಬರೆದ್ರೆ?" ಎಂದ ಹಬೆಯಣ್ಣ.

"ರೀ, ಬಾಯ್ಲರ್ ವಿಷಯ ಬರೆಯೋಕೆ ಇಡೀ ಕಾರ್ಖಾನೆಲಿ ಇನ್ಯಾರಿದ್ದಾರೆ? ನಿಮ್ಮ ಮುಖ ಕಾಗದದ ಮೇಲೇ ಅಂಟಿರುತ್ತೆ."

"ಹಾಗಾದ್ರೆ ನೀನು ಓವರ್‌ಟೈಮ್ ಬಿಡು."

"ನಾನು ಬಿಟ್ರೆ ಉಳಿದ ಐವತ್ತೊಂಬತ್ತು ಜನ? ಅವ್ರೇನು ಕಲ್ಲಲ್ಲಿ ಮಾಡಿದ್ದಾರಾ?"

ಹಬೆಯಣ್ಣ ಊಟದ ತಟ್ಟೆ ಸರಿಸಿ ಎದ್ದ. ಕೊನೆಗೆ ಕನ್ನಡದಲ್ಲೇ ಬರೆಯುವುದು ಎಂದು ಒಳಗೊಳಗೇ ತೀರ್ಮಾನಿಸಿದ. ಮೂರು ಬಸ್ಸು ಆಚೆ ಹಾಕಿದರೂ ಪರವಾಗಿಲ್ಲ, ಪೊಲೀಸರ ಬಾಗಿಲು ಬೇಡ ಎನಿಸಿತು. ಅವನನ್ನು ಹೇಡಿ ಎನ್ನುವವರು ಒಂದು ದಿನ ಆ ಸ್ಟೂಲಿನ ಮೇಲೆ ಕೂತು ನೋಡಲಿ. ಎರಡು ದಿನ ಹಾಳೆ ಮುಂದಿಟ್ಟುಕೊಂಡು ಬರೆದ, ಹರಿದ, ಮತ್ತೆ ಬರೆದ. ಮೂರನೇ ದಿನ ಕಾಗದ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋದ. ಪಾಳಿ ಮುಗಿಸಿ ಅಂಚೆಗೆ ಹಾಕುವುದೆಂದಿದ್ದ.

ಅಂದು ಎರಡೂವರೆಗೆ ಗೊರಕೆ ಬಂದ. ಹಬೆಯಣ್ಣ ಸ್ಟೂಲು ಬಿಟ್ಟುಕೊಟ್ಟು ಅಂಚೆಪೆಟ್ಟಿಗೆಯವರೆಗೆ ಹೋದ. ಪೆಟ್ಟಿಗೆಯ ಬಾಯಿಗೆ ಕಾಗದ ಹಿಡಿದು ತುಂಬ ಹೊತ್ತು ನಿಂತ. ಕೈ ಮುಂದಕ್ಕೆ ಹೋಗಲಿಲ್ಲ. ಆಗ ತನ್ನ ಊಟದ ಡಬ್ಬಿ ಬಾಯ್ಲರ್ ಕೋಣೆಯಲ್ಲೇ ಉಳಿದದ್ದು ನೆನಪಾಯಿತು. ಅದೇ ಒಂದು ನೆಪ ಸಿಕ್ಕಂತಾಗಿ ಹಿಂದಿರುಗಿದ. ನಾಲ್ಕು ಗಂಟೆ ಆಗುತ್ತಿತ್ತು.

ಬಾಗಿಲಲ್ಲೇ ಗೊರಕೆಯ ಗೊರಕೆ ಕೇಳಿಸಿತು. ಬರ್ನರ್ ಭರ್ರೆಂದು ಉರಿಯುತ್ತಿತ್ತು. ಪಂಪು ತಿರುಗುತ್ತಿತ್ತು, ಆದರೆ ನೀರೆಳೆಯುವಾಗಿನ ಭಾರದ ಸದ್ದಿಲ್ಲ, ಖಾಲಿ ಗಿರಗಿರ. ಹಬೆಯಣ್ಣನ ಕಣ್ಣು ಅಭ್ಯಾಸದಂತೆ ಗಾಜಿಗೆ ಹೋಯಿತು.

ಗಾಜಿನಲ್ಲಿ ನೀರಿರಲಿಲ್ಲ.

ಗೋಡೆಯಾಚೆ ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ಹಬೆಯಣ್ಣ ಒಂದೇ ನೆಗೆತಕ್ಕೆ ಹೋಗಿ ಕೆಂಪು ಗುಂಡಿ ಒತ್ತಿ ಬೆಂಕಿ ಆರಿಸಿದ, ಪಂಪಿನ ಗುಂಡಿಯನ್ನೂ ಒತ್ತಿ ನಿಲ್ಲಿಸಿದ. ಸದ್ದು ನಿಂತದ್ದಕ್ಕೆ ಗೊರಕೆಗೆ ಎಚ್ಚರವಾಯಿತು. ಕಣ್ಣು ಬಿಟ್ಟವನು ಖಾಲಿ ಗಾಜು ನೋಡಿ, ಅಯ್ಯೋ ಎಂದು ಪಂಪು ಶುರು ಮಾಡಲು ಕೈ ಚಾಚಿದ. ಹಬೆಯಣ್ಣ ಅವನ ರಟ್ಟೆ ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದ.

"ಮುಟ್ಟಬೇಡ. ಒಳಗೆ ಕಾದು ಕೆಂಪಗಾಗಿರೋ ಕಬ್ಬಿಣದ ಕೊಳವೆಗಳ ಮೇಲೆ ತಣ್ಣೀರು ಬಿದ್ರೆ ಗೋಡೆ ಸಮೇತ ಎಲ್ರೂ ಹೋಗ್ತೀವಿ. ತಾನಾಗಿ ತಣ್ಣಗಾಗ್ಬೇಕು. ಹೋಗು, ಆ ಕಡೆಯವರನ್ನೆಲ್ಲ ಅಂಗಳಕ್ಕೆ ಕಳಿಸು. ಓಡು."

ಗೊರಕೆ ಓಡಿದ. ಹಬೆಯಣ್ಣ ಅಲ್ಲೇ ನಿಂತ. ಓಡಬೇಕೆಂದು ಕಾಲುಗಳು ಹೇಳುತ್ತಿದ್ದವು. ಯಾರಾದರೂ ಬಂದು ತಿಳಿಯದೆ ಪಂಪಿನ ಗುಂಡಿ ಒತ್ತಿಬಿಟ್ಟರೆ ಎಂದು ನಿಂತ. ಒತ್ತಡದ ಮುಳ್ಳು ನಿಧಾನವಾಗಿ, ತೀರಾ ನಿಧಾನವಾಗಿ ಇಳಿಯಿತು. ಕಬ್ಬಿಣ ತಣಿಯುತ್ತ ಟಕ್ ಟಕ್ ಎನ್ನುತ್ತಿತ್ತು. ಪ್ರತಿ ಟಕ್ಕಿಗೂ ಅವನು ಕಣ್ಣು ಮುಚ್ಚುತ್ತಿದ್ದ.

ಮ್ಯಾನೇಜರ್ ಸಾಹೇಬರು ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ.

"ಇವತ್ತು ಸಂಜೆ ಲಾರಿ ಹೋಗ್ಬೇಕು ಗೊತ್ತಾ ನಿಂಗೆ? ಎಷ್ಟು ಹೊತ್ತು?"

"ಇವತ್ತು ಆಗಲ್ಲ ಸಾರ್. ಒಳಗೆ ನೋಡದೆ ಹಚ್ಚೋ ಹಾಗಿಲ್ಲ."

"ಆಯ್ತು. ಪುಸ್ತಕದಲ್ಲಿ 'ಬಾಯ್ಲರ್ ತೊಳೆಯಲು ನಿಲ್ಲಿಸಿದೆ' ಅಂತ ಬರಿ. ಬೇರೆ ಏನೂ ಬರೀಬೇಡ."

ಅಂಗಳದಲ್ಲಿ ಹೆಂಗಸರು ಗುಂಪುಗುಂಪಾಗಿ ನಿಂತಿದ್ದರು. ಯಾಕೆ ಹೊರಗೆ ಕಳಿಸಿದರೆಂದು ಯಾರಿಗೂ ಗೊತ್ತಿಲ್ಲ, ಸುಮ್ಮನೆ ಸಿಕ್ಕ ಬಿಡುವಿಗೆ ಖುಷಿಯಾಗಿದ್ದರು. ಅವನ ಹೆಂಡತಿ ಒಬ್ಬಳು ಮಾತ್ರ ನಗದೆ ಅವನ ಮುಖ ನೋಡಿದಳು. ಅವನು ಜೇಬಿನಿಂದ ಕನ್ನಡದ ಕಾಗದ ತೆಗೆದು ಅವಳ ಕೈಗಿಟ್ಟ.

"ಇದು ಹೋಗಿ, ವಾಪಸ್ ಬಂದು, ಮತ್ತೆ ಹೋಗೋಕೆ ಹದಿನೈದು ದಿನ. ಹದಿನೈದು ದಿನ ಇಲ್ಲ ಕಣೇ ನಮ್ಮ ಹತ್ರ. ಇಂಗ್ಲಿಷಲ್ಲೇ ಹೋಗ್ಲಿ."

"ನಿಮ್ಮ ಸಹಿ?"

"ಹಾಕಿದ್ದು ನಾನೇ ತಾನೇ."

ಅವರ ಮಗಳಿಗೆ ಔಷಧದಂಗಡಿಯಲ್ಲಿ ಕೆಲಸ. ದಿನವಿಡೀ ಡಬ್ಬಿ, ಚೀಟಿ ಓದುವವಳು, ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಸಂಜೆ ಮನೆಗೆ ಬಂದವಳನ್ನು ಚಪ್ಪಲಿ ಬಿಡುವ ಮೊದಲೇ ಕೂರಿಸಿದರು. ಅವಳು ಹಾಳೆ ತೆಗೆದುಕೊಂಡು, "ಅಪ್ಪಾ, ಮೊದಲು ವಂದನೆ, ಕ್ಷಮೆ, ವಿನಂತಿ ಎಲ್ಲ ಹಾಕ್ಬೇಕಾ?" ಎಂದಳು.

"ಏನೂ ಬೇಡ. ನಿಮ್ಮ ಮಾತ್ರೆ ಡಬ್ಬಿ ಮೇಲೆ ಬರೆದಿರುತ್ತಲ್ಲ, ಹಾಗಿರ್ಲಿ. ಓದಿದ ತಕ್ಷಣ ತಿಳೀಬೇಕು."

ಅವನು ಕನ್ನಡದಲ್ಲಿ ಹೇಳಿದ, ಅವಳು ಇಂಗ್ಲಿಷಿನಲ್ಲಿ ಬರೆದಳು. ನಾಲ್ಕೇ ಸಾಲು. ಮುಗಿದ ಮೇಲೆ, "ಈಗ ನೀನು ಬರೆದದ್ದನ್ನ ಕನ್ನಡದಲ್ಲಿ ಓದಿ ಹೇಳು" ಎಂದ.

"ನೀನು ಹೇಳಿದ್ದನ್ನೇ ಬರೆದಿದ್ದೀನಲ್ಲಪ್ಪ."

"ಇಪ್ಪತ್ತಮೂರು ವರ್ಷ ಹಾಗೇ ಅಂದ್ಕೊಂಡಿದ್ದೆ. ಓದು."

ಮಗಳು ಓದಿದಳು. "ಒಂದು. ಬಾಯ್ಲರಿನಲ್ಲಿ ನೀರು ಇಲ್ಲದಿದ್ದರೂ ಬೆಂಕಿ ಆರುವುದಿಲ್ಲ, ಏಕೆಂದರೆ ಏಳು ತಿಂಗಳ ಹಿಂದೆ ಮ್ಯಾನೇಜರ್ ಹೇಳಿ ಪ್ಯಾನಲ್ಲಿನಲ್ಲಿ ತಂತಿ ಹಾಕಿಸಿದ್ದಾರೆ. ಎರಡು. ಇಂದು ನಾಲ್ಕು ಗಂಟೆಗೆ ನೀರು ಪೂರ್ತಿ ಹೋಗಿತ್ತು, ಗೋಡೆಯ ಆಚೆ ಅರವತ್ತು ಹೆಂಗಸರಿದ್ದರು. ಮೂರು. ಎಲ್ಲ ಸರಿಯಿದೆ ಎಂದು ನಿಮಗೆ ಬರುವ ಇಂಗ್ಲಿಷ್ ಹಾಳೆಗಳಿಗೆ ನಾನು ಓದದೆ ಸಹಿ ಹಾಕಿದ್ದೇನೆ, ಸತ್ಯ ನನ್ನ ಕನ್ನಡ ಪುಸ್ತಕದಲ್ಲಿದೆ. ನಾಲ್ಕು. ಬಾಯ್ಲರ್ ಮತ್ತೆ ಹಚ್ಚುವ ಮೊದಲು ಯಾರಾದರೂ ಬನ್ನಿ."

ಓದಿ ಮುಗಿಸಿ ಅವಳು ಮೂರನೇ ಸಾಲಿನ ಮೇಲೆ ಬೆರಳಿಟ್ಟಳು. "ಇದೊಂದು ಸಾಲು ಬೇಡಪ್ಪಾ" ಎಂದಳು.

"ಅದಿಲ್ದಿದ್ರೆ ನಾಳೆ ಸಾಹೇಬ್ರು ಆ ಹಾಳೆ ತೆಗೆದು ತೋರಿಸ್ತಾರೆ. ದೂರು ಸುಳ್ಳು ಅಂತಾಗುತ್ತೆ. ಇರ್ಲಿ."

ಸಹಿ ಹಾಕಿದ. ಈ ಸಲ ಗೀಚಲಿಲ್ಲ, ಒಂದೊಂದೇ ಅಕ್ಷರವಾಗಿ ಬರೆದ. ಮಗಳು ಫೋಟೋ ತೆಗೆದು, ಬೋರ್ಡಿನ ಮೇಲಿದ್ದ ಈಮೇಲಿಗೆ ಕಳಿಸಿದಳು. ಆರು ಗಂಟೆ ಹತ್ತು ನಿಮಿಷ.

ಮರುದಿನ ಬಾಯ್ಲರ್ ರಿಪೇರಿಯವನು ಬಂದು ಒಳಗೆ ಟಾರ್ಚ್ ಬಿಟ್ಟು ನೋಡಿ, ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷಿಸಿದ. ಕೊಳವೆಗಳು ಉಳಿದುಕೊಂಡಿವೆ, ನಿನ್ನ ಪುಣ್ಯ ಎಂದ. ಪಂಪಿಗೆ ಏನೋ ತಾತ್ಕಾಲಿಕ ತೇಪೆ ಹಾಕಿದ. ಹೆಡ್ಡಾಫೀಸಿನಿಂದ ಒಂದು ಸೊಲ್ಲಿಲ್ಲ. ಅದರ ಮರುದಿನ ಬೆಳಿಗ್ಗೆ ಸಾಹೇಬರು ಹಚ್ಚು ಎಂದರು. ತಂತಿ? ತಂತಿ ಇದ್ದಲ್ಲೇ ಇತ್ತು. ಹಚ್ಚುವುದಿಲ್ಲ ಎಂದರೆ ಗೊರಕೆಯನ್ನು ಕರೆಸಿ ಹಚ್ಚಿಸುತ್ತಿದ್ದರು. ಹಬೆಯಣ್ಣ ಹಚ್ಚಿದ, ಸ್ಟೂಲನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡು ಕೂತ. ನೋಟುಪುಸ್ತಕವನ್ನು ಅಂಗಿಯೊಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಂಡಿದ್ದ. ಪ್ರತಿ ಹೆಜ್ಜೆಯ ಸದ್ದಿಗೂ 'ಬಂದರು, ಸಿಕ್ಕಿಬಿದ್ದೆ' ಎನ್ನಿಸುತ್ತಿತ್ತು.

ಹನ್ನೊಂದು ಗಂಟೆಗೆ ನಿಜವಾಗಿಯೂ ಬಂದರು. ತಲೆಗೆ ಹೆಲ್ಮೆಟ್ ಹಾಕಿಕೊಂಡ ಒಬ್ಬ ಹೆಂಗಸು, ಕೈಯಲ್ಲಿ ಅವನ ದೂರಿನ ಮುದ್ರಿತ ಪ್ರತಿ. ಹೆಡ್ಡಾಫೀಸಿನ ಸುರಕ್ಷತೆಯ ಅಧಿಕಾರಿ. ಹಿಂದೆ ಬೆವರುತ್ತಿರುವ ಸಾಹೇಬರು, ಅವರ ಹಿಂದೆ ಫೈಲು ಹೊತ್ತ ಟೈಪಿಸ್ಟಕ್ಕ. ಅಧಿಕಾರಿ ನೆಟ್ಟಗೆ ಹಬೆಯಣ್ಣನ ಮುಂದೆ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಉದ್ದದ ಪ್ರಶ್ನೆ. ಇಂಗ್ಲಿಷಿನಲ್ಲಿ ಬರೆದವನಿಗೆ ಇಂಗ್ಲಿಷ್ ಬರುತ್ತದೆ ಎಂದೇ ಅವಳು ತಿಳಿದಿದ್ದಳು.

ಹಬೆಯಣ್ಣನಿಗೆ ಅದರಲ್ಲಿ 'ಬಾಯ್ಲರ್' ಒಂದು ತಿಳಿಯಿತು. ಇದೊಂದನ್ನು ಅವರು ಯಾರೂ ಯೋಚಿಸಿರಲಿಲ್ಲ, ಅವನಾಗಲಿ, ಹೆಂಡತಿಯಾಗಲಿ, ಮಗಳಾಗಲಿ. ಕಾಗದ ಇಂಗ್ಲಿಷಿನಲ್ಲಿ ಹೋದರೆ ಪ್ರಶ್ನೆಯೂ ಇಂಗ್ಲಿಷಿನಲ್ಲೇ ಬರುತ್ತದೆ.

ಸಾಹೇಬರಿಗೆ ಜೀವ ಬಂತು. ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. "ಏನಿಲ್ಲ ಹಬೆಯಣ್ಣ, ಈಗ ಎಲ್ಲ ಸರಿಯಿದೆಯಾ ಅಂತ ಕೇಳ್ತಿದ್ದಾರೆ. ಹೂಂ ಅನ್ನು ಸಾಕು, ಉಳಿದದ್ದು ನಾನು ಹೇಳ್ತೀನಿ. ನಿನ್ನ ಸಹಿ ವಿಷಯಾನೂ ನಾನೇ ನೋಡ್ಕೊಳ್ತೀನಿ."

ಹಬೆಯಣ್ಣ ಟೈಪಿಸ್ಟಕ್ಕನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಹೂಂ ಎಂದರೆ ಸಹಿಯೂ ಮುಚ್ಚಿಹೋಗುತ್ತದೆ, ಕೆಲಸವೂ ಉಳಿಯುತ್ತದೆ. ಅದು ಅವನಿಗೆ ಗೊತ್ತಿತ್ತು. ಗೋಡೆಯಾಚೆ ಇಸ್ತ್ರಿಗಳು ಬುಸ್ಸೆನ್ನುತ್ತಿದ್ದವು.

ಅವನು ಹೂಂ ಎನ್ನಲಿಲ್ಲ. ಹೆಗಲ ಮೇಲಿನ ಕೈ ಇಳಿಸಿ, ಅಧಿಕಾರಿಯ ಕಡೆ ತಿರುಗಿ ಬನ್ನಿ ಎಂದು ಕೈಸನ್ನೆ ಮಾಡಿದ. ತೇಲುಗುಂಡಿನ ಡಬ್ಬಿಯ ಕೆಳಗಿನ ತಿರುಪು ಹಿಡಿದು ತಿರುಗಿಸಿದ. ಡಬ್ಬಿಯ ನೀರು ಭುಸ್ಸೆಂದು ಚರಂಡಿಗೆ ಇಳಿಯಿತು. ಈಗ ಒಳಗಿನ ಗುಂಡು ಇಳಿದಿರುತ್ತದೆ, ಬೆಂಕಿ ಆರಬೇಕು, ಗಂಟೆ ಹೊಡೆಯಬೇಕು. ಅವನು ಒಂದು ಬೆರಳನ್ನು ಕಿವಿಗೆ ಇಟ್ಟುಕೊಂಡು ತಲೆಯಾಡಿಸಿದ: ಗಂಟೆಯಿಲ್ಲ. ಆಮೇಲೆ ಬರ್ನರಿನ ಕಿಟಕಿಯ ಕಡೆ ಬೆರಳು ತೋರಿಸಿದ. ಒಳಗೆ ಬೆಂಕಿ ಹಾಯಾಗಿ ಉರಿಯುತ್ತಿತ್ತು.

ಅಧಿಕಾರಿ ಕಿಟಕಿಗೆ ಬಾಗಿ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಏನೂ ಕೇಳದೆ ಕೈ ಚಾಚಿ ಕೆಂಪು ಗುಂಡಿಯನ್ನು ತಾನೇ ಒತ್ತಿದಳು. ಬೆಂಕಿ ಆರಿತು.

ಆಮೇಲೆ ಅವಳು ತಿರುಗಿ ಒಂದು ಪುಟ್ಟ ಪ್ರಶ್ನೆ ಕೇಳಿದಳು. ಸಾಹೇಬರು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಟೈಪಿಸ್ಟಕ್ಕನ ದನಿ ಬಂತು. ಯಾರೂ ಕೇಳಿರಲಿಲ್ಲ, ಆದರೂ ಬಂತು.

"ಎಷ್ಟು ದಿನದಿಂದ ಹೀಗಿದೆ ಅಂತ ಕೇಳ್ತಿದ್ದಾರೆ ಅಣ್ಣ."

"ನಾನು ಹೇಳ್ತೀನಿ, ನೀವು ಸುಮ್ನಿರಿ" ಎಂದರು ಸಾಹೇಬರು.

"ಅವರನ್ನ ಕೇಳಿದ್ದಾರೆ ಸಾರ್" ಎಂದಳು ಅವಳು.

ಹಬೆಯಣ್ಣ ಅಂಗಿಯೊಳಗಿಂದ ಬೆವರಲ್ಲಿ ನೆನೆದ ಪುಸ್ತಕ ತೆಗೆದು ಟೈಪಿಸ್ಟಕ್ಕನ ಕೈಗೆ ಕೊಟ್ಟ. ಅವಳು ದಿನ ದಿನದ ಕೊನೆಯ ಸಾಲನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದತೊಡಗಿದಳು. ಪರೀಕ್ಷೆ ಮಾಡಿದೆ, ಬೆಂಕಿ ಆರಲಿಲ್ಲ. ಪರೀಕ್ಷೆ ಮಾಡಿದೆ, ಬೆಂಕಿ ಆರಲಿಲ್ಲ. ನಾಲ್ಕನೇ ಹಾಳೆಗೆ ಅಧಿಕಾರಿ ಸಾಕು ಎಂದು ಕೈಯೆತ್ತಿ, ಪ್ಯಾನಲ್ಲಿನ ಬೀಗದ ಕೈ ಕೇಳಿದಳು.

ಬಾಯ್ಲರ್ ಆರು ದಿನ ನಿಂತಿತ್ತು. ಹೊಸ ಪಂಪು ಬಂತು, ತಂತಿ ಹೋಯಿತು, ಸಾಹೇಬರನ್ನು ರಜೆಯ ಮೇಲೆ ಕಳಿಸಿದರು. ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ಏಳನೇ ದಿನ ಹಬೆಯಣ್ಣನಿಗೂ ಒಂದು ನೋಟಿಸು ಬಂತು: ಸುಳ್ಳು ದಾಖಲೆಗಳಿಗೆ ಸಹಿ ಹಾಕಿದ್ದೇಕೆ, ವಿಚಾರಣೆ ಮುಗಿಯುವವರೆಗೆ ಬಾಯ್ಲರ್ ಮುಟ್ಟುವಂತಿಲ್ಲ. ಸರ್ಟಿಫಿಕೇಟು ಉಳಿಯುತ್ತದೋ ಇಲ್ಲವೋ ಯಾರೂ ಹೇಳಲಿಲ್ಲ. ಹೆದರಿದ್ದೆಲ್ಲ ಮನೆ ಬಾಗಿಲಿಗೇ ಬಂದು ನಿಂತಿತ್ತು.

ವಿಚಾರಣೆಗೆ ಅದೇ ಅಧಿಕಾರಿ ಬಂದಳು. ಸಾಹೇಬರ ಕೋಣೆಯಲ್ಲಿ ಸಾಹೇಬರಿಲ್ಲದ ಮೇಜು, ಈ ಕಡೆ ಟೈಪಿಸ್ಟಕ್ಕ, ಆ ಕಡೆ ಅವನು. ಅಧಿಕಾರಿ ಕೇಳಿದ್ದನ್ನು ಟೈಪಿಸ್ಟಕ್ಕ ಹೇಳಿದಳು. "ನಿಮ್ಮ ಹೇಳಿಕೆ ಬರೆದು ಕೊಡ್ಬೇಕಂತೆ ಅಣ್ಣ. ಮೊದಲಿನ ಹಾಗೆ ಇಂಗ್ಲಿಷಲ್ಲೇ ಕೊಡ್ತೀರಾ ಅಂತ ಕೇಳ್ತಿದ್ದಾರೆ."

"ಕನ್ನಡದಲ್ಲಿ" ಎಂದ ಹಬೆಯಣ್ಣ. "ಅವತ್ತು ಆತುರ ಇತ್ತು."

ಅವನು ಬರೆದ. ಎರಡು ಗಂಟೆ ಹಿಡಿಯಿತು, ಆರು ಹಾಳೆಯಾಯಿತು. ನಡುವೆ ಯಾರೋ ನೀರು ತಂದಿಟ್ಟರು. ಲೋಟದ ಕಡೆ ಸ್ವಲ್ಪ ಹೊತ್ತು ನೋಡಿ, ಈಗ ಎದ್ದು ಹೋದರೂ ಏನೂ ಆಗುವುದಿಲ್ಲವೆಂದು ನೆನಪಾಗಿ, ಪೂರ್ತಿ ಕುಡಿದ. ಟೈಪಿಸ್ಟಕ್ಕ ಅಲ್ಲೇ ಕೂತು ಅದನ್ನು ಇಂಗ್ಲಿಷಿಗೆ ಮಾಡಿದಳು. ಅಧಿಕಾರಿ ಆ ಹಾಳೆಗಳನ್ನು ಅವನ ಮುಂದಿಟ್ಟು, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು, ಪೆನ್ನು ಚಾಚಿದಳು.

ಹಬೆಯಣ್ಣ ಪೆನ್ನು ತೆಗೆದುಕೊಂಡ. ಪೆನ್ನನ್ನು ಹಾಳೆಯ ಪಕ್ಕಕ್ಕೆ ಮಲಗಿಸಿ, ಟೈಪಿಸ್ಟಕ್ಕನ ಕಡೆ ತಿರುಗಿದ.

"ಮೊದಲಿಂದ ಓದಿ ಹೇಳಕ್ಕ. ಕೇಳಿದ ಮೇಲೆ ಹಾಕ್ತೀನಿ."